ಮನೆ ಕಟ್ಟಿಕೊಟ್ಟ ಗುತ್ತಿಗೆದಾರರಿಗೆ ಶಿಫಾರಸು ಪತ್ರ: ಮುಂದಿನ ಮಾಲೀಕರಿಗೆ ಉಪಯೋಗವಾಗುವಂತೆ ಬರೆಯುವ ಬಗೆ

ಸ್ವಂತ ಮನೆ ಕಟ್ಟಿಸಲು ಹೊರಟವರು ಗುತ್ತಿಗೆದಾರರನ್ನು ಗೊತ್ತುಮಾಡುವಾಗ ಅವರು ಹಿಂದೆ ಕಟ್ಟಿದ ಮನೆಗಳ ಮಾಲೀಕರ ಮಾತನ್ನೇ ಹೆಚ್ಚಾಗಿ ನೆಚ್ಚಿಕೊಳ್ಳುತ್ತಾರೆ. ಏಕೆಂದರೆ ಮನೆಯ ಗಟ್ಟಿತನವನ್ನು ನಿರ್ಧರಿಸುವ ಪಾಯದ ಆಳ, ಕಬ್ಬಿಣದ ಕಟ್ಟು, ಕಾಂಕ್ರೀಟಿಗೆ ಉಣಿಸಿದ ನೀರು, ಗೋಡೆಯೊಳಗಿನ ಪೈಪು ಇವೆಲ್ಲ ಗಾರೆ ಮುಗಿದು ಬಣ್ಣ ಬಳಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅವುಗಳನ್ನು ಕೆಲಸ ನಡೆಯುತ್ತಿದ್ದಾಗ ನಿಂತು ನೋಡಿದವರು ಹಿಂದಿನ ಮಾಲೀಕರು ಮಾತ್ರ. ಆದುದರಿಂದ ನಂಬಿಕೆಗೆ ತಕ್ಕಂತೆ ಕೆಲಸ ಮಾಡಿಕೊಟ್ಟ ಗುತ್ತಿಗೆದಾರರೊಬ್ಬರು ಮುಂದಿನ ಮಾಲೀಕರಿಗೆ ತೋರಿಸಲೆಂದು ಪತ್ರವೊಂದನ್ನು ಕೇಳಿದಾಗ, ಅದನ್ನು ಬರೆಯುವವರು ಹೊಗಳಿಕೆಗಿಂತ ಹೆಚ್ಚಾಗಿ ತಾವು ಕಂಡದ್ದರ ಸಾಕ್ಷ್ಯವನ್ನು ಕೊಡಬೇಕಾಗುತ್ತದೆ. ‘ಒಳ್ಳೆಯ ಮನುಷ್ಯರು, ಚೆನ್ನಾಗಿ ಕೆಲಸ ಮಾಡುತ್ತಾರೆ’ ಎಂಬ ಎರಡು ಸಾಲು ಯಾವ ಗುತ್ತಿಗೆದಾರರಿಗಾದರೂ ಹೊಂದುತ್ತದೆ; ಹಾಗಾಗಿ ಅದನ್ನು ಓದಿದವರಿಗೆ ಹೊಸದೇನೂ ತಿಳಿಯುವುದಿಲ್ಲ, ನಿಜವಾಗಿ ಒಳ್ಳೆಯ ಕೆಲಸ ಮಾಡಿದವರಿಗೆ ಅದರಿಂದ ಸಲ್ಲಬೇಕಾದ ಮನ್ನಣೆಯೂ ಸಲ್ಲುವುದಿಲ್ಲ.

ಈ ಪತ್ರವನ್ನು ಅದಕ್ಕೆ ಹತ್ತಿರದ ಬೇರೆ ಕಾಗದಗಳಿಂದ ಬೇರ್ಪಡಿಸಿಕೊಳ್ಳುವುದು ಮೊದಲ ಕೆಲಸ. ಸರ್ಕಾರಿ ಟೆಂಡರುಗಳಲ್ಲಿ ಕೇಳುವ ಕಾಮಗಾರಿ ಪ್ರಮಾಣಪತ್ರವು ಕೆಲಸದ ಹೆಸರು, ಮೊತ್ತ, ಮುಗಿದ ದಿನಾಂಕ ಇಷ್ಟನ್ನು ದೃಢೀಕರಿಸಲು ಇಲಾಖೆಯ ಎಂಜಿನಿಯರು ಕೊಡುವ ದಾಖಲೆ. ನಗರಸಭೆ, ಪಾಲಿಕೆಗಳು ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಜನರ ಬಾಯಲ್ಲಿ ಓಸಿ ಎನಿಸಿಕೊಂಡಿರುವುದು, ಕಟ್ಟಡವು ಮಂಜೂರಾದ ನಕ್ಷೆಯಂತಿದ್ದು ವಾಸಕ್ಕೆ ತಕ್ಕುದಾಗಿದೆ ಎನ್ನುವುದಕ್ಕೆ ಸಂಬಂಧಿಸಿದ್ದು. ಮನೆಮಾಲೀಕರು ಬರೆಯುವ ಶಿಫಾರಸು ಪತ್ರ ಈ ಎರಡರ ಸ್ಥಾನವನ್ನೂ ತುಂಬಲಾರದು. ಅದು ಹೇಳಬೇಕಾದದ್ದು ಆ ಎರಡು ದಾಖಲೆಗಳೂ ಹೇಳದ ಸಂಗತಿಗಳನ್ನು: ಹಣ ಕೈಸೇರಿದ ಮೇಲೆ ಗುತ್ತಿಗೆದಾರರು ಹೇಗೆ ನಡೆದುಕೊಂಡರು, ಯಾರೂ ನೋಡದಿದ್ದಾಗ ಕೆಲಸ ಹೇಗಿತ್ತು, ತೊಂದರೆ ಬಂದಾಗ ಅವರು ದೂರವಾಣಿ ಎತ್ತಿದರೇ ಎಂಬುದನ್ನು.

ಬರೆಯುವ ಹೊತ್ತು

ಗೃಹಪ್ರವೇಶದ ಸಂಭ್ರಮದಲ್ಲಿಯೇ ಪತ್ರ ಬರೆದುಕೊಡುವ ರೂಢಿ ಇದೆಯಾದರೂ, ಆಗ ಬರೆದ ಪತ್ರಕ್ಕೆ ಒಂದು ದೊಡ್ಡ ಕೊರತೆ ಉಳಿದುಬಿಡುತ್ತದೆ. ಕಟ್ಟಡದ ದೋಷಗಳಲ್ಲಿ ಹೆಚ್ಚಿನವು ನೀರಿನ ಮೂಲಕ ಹೊರಬೀಳುವಂಥವು. ತಾರಸಿ ಮತ್ತು ಪ್ಯಾರಾಪೆಟ್ ಗೋಡೆ ಕೂಡುವ ಸಂದು, ಬಚ್ಚಲಿನ ನೆಲ, ಕಿಟಕಿಯ ಮೇಲಿನ ಸಜ್ಜ ಗೋಡೆಗೆ ಸೇರುವ ಜಾಗ, ಸಂಪಿನ ಒಳಗೋಡೆ ಇವುಗಳಲ್ಲಿ ತಪ್ಪು ಉಳಿದಿದ್ದರೆ ಅದು ಬೇಸಗೆಯಲ್ಲಿ ಮುಗಿದ ಮನೆಯಲ್ಲಿ ಕಾಣಿಸದೆ, ಮೊದಲ ಮಳೆಗಾಲದಲ್ಲಿ ಗೋಡೆಯ ಮೇಲೆ ತೇವದ ಕಲೆಯಾಗಿ, ಬಣ್ಣದ ಗುಳ್ಳೆಯಾಗಿ ಎದ್ದು ಬರುತ್ತದೆ. ಆದ್ದರಿಂದ ಕನಿಷ್ಠ ಒಂದು ಪೂರ್ಣ ಮಳೆಗಾಲ ಕಳೆದ ಮೇಲೆ ಬರೆದ ಪತ್ರಕ್ಕೆ ಹೆಚ್ಚಿನ ತೂಕವಿರುತ್ತದೆ. ಅಷ್ಟರೊಳಗೆ ಪತ್ರ ಬೇಕೇ ಬೇಕೆಂದಾದರೆ, ಮಳೆಗಾಲ ಇನ್ನೂ ಕಳೆದಿಲ್ಲವೆಂಬ ಮಾತನ್ನು ಪತ್ರದಲ್ಲಿಯೇ ಸೇರಿಸಿ, ಮಳೆ ಮುಗಿದ ನಂತರ ಎರಡು ಸಾಲು ಸೇರಿಸಿದ ಹೊಸ ಪ್ರತಿಯನ್ನು ಕೊಡಬಹುದು.

ಬರೆಯಲು ಕೂರುವ ಮುನ್ನ ಕರಾರು ಪತ್ರ, ಹಣ ಕೊಟ್ಟ ದಿನಾಂಕಗಳಿರುವ ಪುಸ್ತಕ ಅಥವಾ ಬ್ಯಾಂಕಿನ ವಿವರ, ಕೆಲಸದ ಹಂತಗಳಲ್ಲಿ ತೆಗೆದ ಚಿತ್ರಗಳು, ಗುತ್ತಿಗೆದಾರರೊಡನೆ ನಡೆದ ವಾಟ್ಸ್‌ಆ್ಯಪ್ ಸಂದೇಶಗಳು ಇವನ್ನು ಎದುರಿಗಿಟ್ಟುಕೊಳ್ಳಬೇಕು. ಎರಡು ವರ್ಷ ಕಳೆದ ಮೇಲೆ ನೆನಪು ಒಳ್ಳೆಯ ಕಡೆಗೋ ಕೆಟ್ಟ ಕಡೆಗೋ ವಾಲಿರುತ್ತದೆ; ವಿಳಂಬವಾದದ್ದು ಮೂರು ವಾರವೋ ಮೂರು ತಿಂಗಳೋ, ಅದಕ್ಕೆ ಕಾರಣ ಕೆಲಸಗಾರರು ಬಾರದಿದ್ದುದೋ ಮಾಲೀಕರು ಟೈಲ್ಸ್ ಆರಿಸಲು ತಡಮಾಡಿದ್ದೋ ಎಂಬುದು ದಾಖಲೆ ನೋಡಿದರೆ ಮಾತ್ರ ಖಚಿತವಾಗುತ್ತದೆ.

ನಂಬಿಕಸ್ಥರೆಂದು ಹೇಳಲು ಏನು ಆಧಾರ

ನಂಬಿಕಸ್ಥರು ಎಂಬ ಮಾತನ್ನು ಬರೆಯುವ ಬದಲು, ಓದುವವರೇ ಆ ತೀರ್ಮಾನಕ್ಕೆ ಬರುವಂತೆ ನಡೆದ ಸಂಗತಿಗಳನ್ನು ಬರೆಯುವುದು ಈ ಪತ್ರದ ಮುಖ್ಯ ಕೌಶಲ. ಮನೆ ಕಟ್ಟುವ ಕೆಲಸದಲ್ಲಿ ಅಂಥ ಸಂಗತಿಗಳು ನಾಲ್ಕು ಕಡೆ ಸಿಗುತ್ತವೆ: ಹಣ, ಕಾಲ, ಮುಚ್ಚಿಹೋಗುವ ಕೆಲಸ, ಕೆಲಸ ಮುಗಿದ ಮೇಲಿನ ನಡವಳಿಕೆ.

ಹಣದ ವಿಷಯದಲ್ಲಿ ಓದುಗರಿಗೆ ಬೇಕಾದದ್ದು ದರಕ್ಕಿಂತ ನಡವಳಿಕೆಯ ವಿವರ. ಗುತ್ತಿಗೆಯಲ್ಲಿ ಎರಡು ಬಗೆ ಹೆಚ್ಚಾಗಿ ನಡೆಯುತ್ತವೆ. ಸಿಮೆಂಟು, ಕಬ್ಬಿಣ, ಮರಳನ್ನು ಮಾಲೀಕರೇ ತಂದುಕೊಟ್ಟು ಕೂಲಿಯನ್ನು ಮಾತ್ರ ಚದರದ ಲೆಕ್ಕದಲ್ಲಿ ಕೊಡುವುದು ಲೇಬರ್ ಕಾಂಟ್ರಾಕ್ಟ್, ಸಾಮಗ್ರಿ ಮತ್ತು ಕೂಲಿ ಎರಡನ್ನೂ ಗುತ್ತಿಗೆದಾರರೇ ನೋಡಿಕೊಳ್ಳುವುದು ಸಾಮಗ್ರಿ ಸಹಿತ ಗುತ್ತಿಗೆ. ಚದರವೆಂದರೆ ನೂರು ಚದರ ಅಡಿ. ಮೊದಲ ಬಗೆಯಲ್ಲಿ ಪ್ರಾಮಾಣಿಕತೆ ಕಾಣುವುದು ಮಾಲೀಕರ ಸಾಮಗ್ರಿಯನ್ನು ಪೋಲು ಮಾಡದೆ ಲೆಕ್ಕ ಒಪ್ಪಿಸುವುದರಲ್ಲಿ. ಎರಡನೆಯದರಲ್ಲಿ ಅದು ಕಾಣುವುದು ಕರಾರಿನಲ್ಲಿ ಹೇಳಿದ ಬ್ರ್ಯಾಂಡು ಮತ್ತು ದರ್ಜೆಯ ಸಾಮಗ್ರಿಯೇ ಬರುವುದರಲ್ಲಿ. ಆದುದರಿಂದ ಕೆಲಸ ಯಾವ ಬಗೆಯ ಗುತ್ತಿಗೆಯಲ್ಲಿ ನಡೆಯಿತೆಂದು ಪತ್ರ ಹೇಳದಿದ್ದರೆ, ಹಣದ ಬಗ್ಗೆ ಅದು ಹೇಳುವ ಉಳಿದ ಮಾತಿಗೆ ಅರ್ಥ ಬರುವುದಿಲ್ಲ. ಇದರ ಜೊತೆಗೆ, ಪಾಯ, ಲಿಂಟಲ್, ಮೋಲ್ಡ್, ಗಾರೆ ಎಂದು ಗೊತ್ತುಮಾಡಿದ ಹಂತ ಮುಗಿದ ಮೇಲೆಯೇ ಹಣ ಕೇಳಿದರೇ, ಕರಾರಿನಲ್ಲಿ ಇರದ ಹೆಚ್ಚುವರಿ ಕೆಲಸದ ದರವನ್ನು ಕೆಲಸಕ್ಕೆ ಮೊದಲೇ ಹೇಳಿದರೇ ಎಂಬ ಎರಡು ಸಂಗತಿಗಳನ್ನು ತಪ್ಪದೆ ಬರೆಯಬೇಕು. ಮನೆಮಾಲೀಕರಿಗೂ ಗುತ್ತಿಗೆದಾರರಿಗೂ ಮನಸ್ತಾಪ ಬರುವುದು ಬಹುಮಟ್ಟಿಗೆ ಈ ಎರಡು ಕಡೆಗಳಲ್ಲಿಯೇ.

ಕಾಲದ ವಿಷಯದಲ್ಲಿ, ಒಪ್ಪಿದ ಅವಧಿ ಮತ್ತು ನಿಜವಾಗಿ ಹಿಡಿದ ಅವಧಿ ಎರಡನ್ನೂ ಬರೆದು, ನಡುವಿನ ಅಂತರವನ್ನು ಕಾರಣಕ್ಕೆ ತಕ್ಕಂತೆ ಹಂಚಬೇಕು. ಮನೆ ಕೆಲಸ ಹೇಳಿದ ದಿನಕ್ಕೇ ಮುಗಿಯಿತೆಂದು ಬರೆದರೆ ಮನೆ ಕಟ್ಟಿಸಿದ ಅನುಭವವಿರುವ ಯಾವ ಓದುಗರೂ ನಂಬುವುದು ಕಷ್ಟ. ಅದಕ್ಕಿಂತ, ತಡವಾಗುವ ಸೂಚನೆ ಕಂಡೊಡನೆ ಗುತ್ತಿಗೆದಾರರು ತಾವಾಗಿ ತಿಳಿಸಿದರೆಂಬ ಒಂದು ಮಾತು ಅವರ ಬಗ್ಗೆ ಹೆಚ್ಚು ಹೇಳುತ್ತದೆ.

ಮೂರನೆಯದಾದ ಮುಚ್ಚಿಹೋಗುವ ಕೆಲಸವೇ ಪತ್ರದ ಅತ್ಯಂತ ಬೆಲೆಯುಳ್ಳ ಭಾಗ. ಇಲ್ಲಿ ಒಂದೇ ಒಂದು ಕೆಲಸವನ್ನು ಹತ್ತಿರದಿಂದ ವಿವರಿಸಿದರೂ ಸಾಕು, ಉದಾಹರಣೆಗೆ ಕ್ಯೂರಿಂಗ್. ಕಾಂಕ್ರೀಟು ಗಟ್ಟಿಯಾಗುವುದು ಒಣಗುವುದರಿಂದಲ್ಲ. ಸಿಮೆಂಟು ನೀರಿನೊಡನೆ ಕೂಡಿ ನಡೆಸುವ ರಾಸಾಯನಿಕ ಕ್ರಿಯೆಯಿಂದ ಅದು ಬಲ ಪಡೆಯುತ್ತದೆ, ಆ ಕ್ರಿಯೆ ಮುಂದುವರಿಯಲು ಮೇಲ್ಮೈಯನ್ನು ಎಡೆಬಿಡದೆ ತೇವವಾಗಿಡುವುದಕ್ಕೆ ಕ್ಯೂರಿಂಗ್ ಎಂದು ಹೆಸರು. ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಮೊದಲಾದವು ಬೆರೆತ ಮಿಶ್ರ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ಹೀಗೆ ನೀರುಣಿಸಬೇಕು; ಬಿಸಿಲು ಮತ್ತು ಒಣಹವೆಯಲ್ಲಿ ಈ ಅವಧಿ ಕ್ರಮವಾಗಿ 10 ಮತ್ತು 14 ದಿನಗಳಾಗಿರಬೇಕೆಂದು ಅದೇ ಮಾನಕ ಶಿಫಾರಸು ಮಾಡುತ್ತದೆ. ಇದರಲ್ಲಿ ಕಳ್ಳತನ ಸುಲಭ. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಹೋದರೆ ಮಧ್ಯಾಹ್ನದ ಹೊತ್ತಿಗೆ ಮೋಲ್ಡ್ ಬಿಳಿಚಿಕೊಂಡಿರುತ್ತದೆ, ಆದರೆ ತಿಂಗಳಾದ ಮೇಲೆ ಅದನ್ನು ಯಾರೂ ನೋಡಿ ಹೇಳಲಾರರು. ಕಂಬಗಳಿಗೆ ಗೋಣಿಚೀಲ ಸುತ್ತಿ ನೆನೆಸುತ್ತಿದ್ದುದನ್ನು, ಮೋಲ್ಡ್ ಮೇಲೆ ಗಾರೆಯ ಸಣ್ಣ ಬದುಗಳನ್ನು ಕಟ್ಟಿ ನೀರು ನಿಲ್ಲಿಸಿದ್ದುದನ್ನು, ಹಬ್ಬದ ರಜೆಯಲ್ಲಿಯೂ ನೀರುಣಿಸಲು ಒಬ್ಬರನ್ನು ಬಿಟ್ಟುಹೋಗಿದ್ದುದನ್ನು ಮಾಲೀಕರು ಕಂಡಿದ್ದರೆ, ಅದನ್ನು ಹಾಗೆಯೇ ಬರೆಯುವುದರಿಂದ ಗುತ್ತಿಗೆದಾರರ ಶಿಸ್ತು ಓದುಗರ ಕಣ್ಣಿಗೆ ಕಟ್ಟುತ್ತದೆ.

ನಾಲ್ಕನೆಯದು, ಹಣವೆಲ್ಲ ಸಂದಾಯವಾದ ಮೇಲಿನ ನಡವಳಿಕೆ. ದೋಷವೇ ಇಲ್ಲದ ಮನೆ ಅಪರೂಪವಾದ್ದರಿಂದ, ದೋಷ ಕಂಡಾಗ ಎಷ್ಟು ದಿನದಲ್ಲಿ ಬಂದರು, ಮೇಲೆ ಬಣ್ಣ ಹಚ್ಚಿ ಮುಚ್ಚಿದರೋ ಮೂಲ ಹುಡುಕಿ ಸರಿಪಡಿಸಿದರೋ, ಅದಕ್ಕೆ ಹಣ ಕೇಳಿದರೋ, ಮುಂದಿನ ಮಳೆಯಲ್ಲಿ ಅದು ಮರುಕಳಿಸಿತೋ ಎಂಬ ಉತ್ತರಗಳು ಮುಂದಿನ ಮಾಲೀಕರಿಗೆ ಬೇಕಾಗುತ್ತವೆ.

ಒಂದು ಮಾದರಿ

ಈ ನಾಲ್ಕು ಸಂಗತಿಗಳು ಪತ್ರದಲ್ಲಿ ಹೇಗೆ ಕೂಡಿಬರುತ್ತವೆ ಎಂಬುದನ್ನು ತೋರಿಸಲು ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ಮೈಸೂರಿನಲ್ಲಿ 30×40 ಅಡಿಯ ನಿವೇಶನದಲ್ಲಿ ನೆಲಮಹಡಿ ಮತ್ತು ಮೊದಲ ಮಹಡಿ ಸೇರಿ 18 ಚದರದ ಮನೆಯೊಂದು ಲೇಬರ್ ಕಾಂಟ್ರಾಕ್ಟಿನಲ್ಲಿ 2023ರ ಜನವರಿಯಲ್ಲಿ ಆರಂಭವಾಗಿ, ಒಂಬತ್ತು ತಿಂಗಳೆಂದು ಒಪ್ಪಿದ್ದು ಸುಮಾರು ಹನ್ನೊಂದು ತಿಂಗಳು ಹಿಡಿದು ಮುಗಿದಿದೆ. ತಡವಾದ ಎಂಟು ವಾರಗಳಲ್ಲಿ ಐದು ವಾರ ಮಾಲೀಕರು ಮೆಟ್ಟಿಲಿನ ಜಾಗ ಬದಲಿಸಿದ್ದರಿಂದ, ಮೂರು ವಾರ ಕಂಬಿ ಕಟ್ಟುವ ಕೆಲಸಗಾರರು ಸಿಗದಿದ್ದರಿಂದ. 2024ರ ಮಳೆಗಾಲದಲ್ಲಿ ಹಿಂಬದಿಯ ಮಲಗುವ ಕೋಣೆಯ ಮೇಲ್ಮೂಲೆಯಲ್ಲಿ ತೇವ ಕಂಡಿದೆ, ಗುತ್ತಿಗೆದಾರರು ಸರಿಪಡಿಸಿದ್ದಾರೆ, 2025ರ ಮಳೆಗಾಲದಲ್ಲಿ ಅದು ಮತ್ತೆ ಬಂದಿಲ್ಲ. ಆ ವರ್ಷದ ನವೆಂಬರಿನಲ್ಲಿ ಬರೆದ ಪತ್ರ ಹೀಗಿರಬಹುದು:

*ದಿನಾಂಕ, ಸ್ಥಳ*

*ವಿಷಯ: ಕಟ್ಟಡ ಗುತ್ತಿಗೆದಾರರಾದ ಶ್ರೀ (ಪೂರ್ಣ ಹೆಸರು, ಊರು) ಅವರ ಕೆಲಸದ ಬಗ್ಗೆ*

*ಇವರನ್ನು ಕೆಲಸಕ್ಕೆ ಗೊತ್ತುಮಾಡಲು ಯೋಚಿಸುತ್ತಿರುವವರಿಗೆ ಈ ಕೆಳಗೆ ಸಹಿ ಮಾಡಿರುವ ಮನೆಮಾಲೀಕರು ತಿಳಿಸುವುದೇನೆಂದರೆ, ಸದರಿ ಗುತ್ತಿಗೆದಾರರು ಮೈಸೂರಿನಲ್ಲಿ 18 ಚದರದ ಎರಡು ಅಂತಸ್ತಿನ ಮನೆಯನ್ನು ಲೇಬರ್ ಕಾಂಟ್ರಾಕ್ಟಿನ ಮೇಲೆ 2023ರ ಜನವರಿಯಿಂದ ನವೆಂಬರ್ ಅಂತ್ಯದ ಒಳಗೆ ಕಟ್ಟಿಕೊಟ್ಟಿರುತ್ತಾರೆ. ಪಾಯ, ಗೋಡೆ, ಆರ್‌ಸಿಸಿ ಮತ್ತು ಗಾರೆ ಕೆಲಸ ಇವರದು. ವಿದ್ಯುತ್, ನಲ್ಲಿ ಮತ್ತು ಬಣ್ಣದ ಕೆಲಸವನ್ನು ಬೇರೆಯವರು ಮಾಡಿದ್ದಾರೆ.*

*ಹಣವನ್ನು ಕರಾರಿನ ಹಂತಗಳ ಪ್ರಕಾರವೇ ಪಡೆದಿದ್ದಾರೆ. ಮೆಟ್ಟಿಲು ಬದಲಾವಣೆ ಸೇರಿದಂತೆ ಮೂರು ಹೆಚ್ಚುವರಿ ಕೆಲಸಗಳ ದರವನ್ನು ಮೊದಲೇ ಪುಸ್ತಕದಲ್ಲಿ ಬರೆದು ಒಪ್ಪಿಗೆ ಪಡೆದ ನಂತರ ಕೆಲಸ ಮಾಡಿದ್ದಾರೆ. ಬಂದ ಸಿಮೆಂಟು ಚೀಲಗಳ ಲೆಕ್ಕವನ್ನು ಖಾಲಿ ಚೀಲ ಎಣಿಸಿ ವಾರಕ್ಕೊಮ್ಮೆ ಒಪ್ಪಿಸುತ್ತಿದ್ದರು. ಉಳಿದ ಕಬ್ಬಿಣದ ತುಂಡುಗಳನ್ನು ಮಾಲೀಕರ ಎದುರಿಗೇ ತೂಗಿ ಒಪ್ಪಿಸಿದರು.*

*ಕೆಲಸ ಒಪ್ಪಿದ್ದಕ್ಕಿಂತ ಎಂಟು ವಾರ ತಡವಾಯಿತು. ಇದರಲ್ಲಿ ಐದು ವಾರಕ್ಕೆ ಮಾಲೀಕರು ಮಾಡಿದ ಬದಲಾವಣೆ ಕಾರಣ. ಮೂರು ವಾರ ಕಂಬಿ ಕಟ್ಟುವವರ ಕೊರತೆಯಿಂದ ಕೆಲಸ ನಿಂತಿತ್ತು; ಇದನ್ನು ಒಂದು ವಾರ ಮೊದಲೇ ತಿಳಿಸಿ, ಆ ಅವಧಿಯಲ್ಲಿ ಕಾಂಪೌಂಡಿನ ಕೆಲಸ ಮುಗಿಸಿಕೊಟ್ಟರು.*

*ಎರಡೂ ಮೋಲ್ಡ್‌ಗಳ ಮೇಲೆ ಬದು ಕಟ್ಟಿ 14 ದಿನ ನೀರು ನಿಲ್ಲಿಸಿದ್ದನ್ನು ಮಾಲೀಕರು ದಿನವೂ ನೋಡಿದ್ದಾರೆ. ಕಂಬಿ ಕಟ್ಟಿದ ಮೇಲೆ ಎಂಜಿನಿಯರು ಬಂದು ನೋಡುವವರೆಗೂ ಕಾಂಕ್ರೀಟು ಹಾಕಲಿಲ್ಲ.*

*2024ರ ಜುಲೈಯಲ್ಲಿ ಒಂದು ಕೋಣೆಯ ಮೇಲ್ಮೂಲೆಯಲ್ಲಿ ತೇವ ಕಂಡಿತು. ತಿಳಿಸಿದ ಮೂರನೆಯ ದಿನ ಬಂದು, ತಾರಸಿಯೂ ಪ್ಯಾರಾಪೆಟ್ಟೂ ಕೂಡುವ ಸಂದನ್ನು ಬಿಡಿಸಿ ಮತ್ತೆ ತುಂಬಿ, 48 ಗಂಟೆ ನೀರು ನಿಲ್ಲಿಸಿ ತೋರಿಸಿದರು. ಇದಕ್ಕೆ ಹಣ ಪಡೆಯಲಿಲ್ಲ. 2025ರ ಮಳೆಗಾಲದಲ್ಲಿ ತೇವ ಮರುಕಳಿಸಿಲ್ಲ.*

*ಇದೇ ಬಗೆಯ ಮನೆ ಕೆಲಸಕ್ಕೆ ಇವರನ್ನು ಸಂತೋಷದಿಂದ ಶಿಫಾರಸು ಮಾಡಲಾಗಿದೆ. ಸಾಮಗ್ರಿ ಸಹಿತ ಗುತ್ತಿಗೆಯಲ್ಲಿ ಇವರ ಕೆಲಸವನ್ನು ನೋಡುವ ಸಂದರ್ಭ ಬಂದಿಲ್ಲ. ಹೆಚ್ಚಿನ ವಿವರ ಬೇಕಾದವರು ಸಂಜೆಯ ಹೊತ್ತು ಕರೆ ಮಾಡಬಹುದು; ಮೊದಲೇ ತಿಳಿಸಿದರೆ ಮನೆಯನ್ನೂ ನೋಡಬಹುದು.*

*ಸಹಿ, ಹೆಸರು, ದೂರವಾಣಿ*

ಪತ್ರದ ಒಳಗಿನ ಲೆಕ್ಕಾಚಾರ

ಈ ಮಾದರಿಯಲ್ಲಿ ತೇವದ ಪ್ರಸ್ತಾಪವನ್ನು ಕಂಡು, ಶಿಫಾರಸು ಪತ್ರದಲ್ಲಿ ದೋಷ ಬರೆಯುವುದು ಗುತ್ತಿಗೆದಾರರಿಗೆ ಅನ್ಯಾಯವಲ್ಲವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಮೂರನೆಯ ದಿನ ಬಂದು ಹಣ ಕೇಳದೆ ಸಂದು ಬಿಡಿಸಿದ ಸಂಗತಿಯನ್ನು ಹೇಳಬೇಕಾದರೆ ತೇವ ಕಂಡಿತೆಂದೂ ಹೇಳಲೇಬೇಕು, ಅಲ್ಲದೆ ಮುಂದಿನ ಮಾಲೀಕರನ್ನು ಆ ಗುತ್ತಿಗೆದಾರರ ಕಡೆಗೆ ಒಲಿಸುವುದು ಪತ್ರದ ಬೇರೆಲ್ಲ ಸಾಲುಗಳಿಗಿಂತ ಆ ಪ್ಯಾರಾವೇ. ಬರೆಯಬಾರದ ದೋಷವೆಂದರೆ ಮಾಲೀಕರು ತಾವೇ ಕಾಣದೆ ಅಕ್ಕಪಕ್ಕದವರಿಂದ ಕೇಳಿದ್ದು. ಸರಿಪಡಿಸದೆ ಬಿಟ್ಟ ದೊಡ್ಡ ದೋಷವಿದ್ದರೆ, ಅದನ್ನು ಮರೆಮಾಚಿ ಪತ್ರ ಕೊಡುವುದಕ್ಕಿಂತ, ಪತ್ರ ಕೊಡಲಾಗದೆಂದು ಗುತ್ತಿಗೆದಾರರಿಗೆ ನೇರವಾಗಿ ಹೇಳುವುದು ಇಬ್ಬರಿಗೂ ಒಳ್ಳೆಯದು.

ಕೆಲಸದ ಎಲ್ಲೆಯನ್ನು ಬರೆಯುವುದು ಎರಡನೆಯ ಮುಖ್ಯ ಅಂಶ. ಇಂಥ ಪತ್ರಗಳ ಜೆರಾಕ್ಸ್ ಪ್ರತಿಗಳು ವರ್ಷಗಟ್ಟಲೆ ಕೈಯಿಂದ ಕೈಗೆ ಹೋಗುತ್ತವೆ; ಎರಡು ಅಂತಸ್ತಿನ ಮನೆಗೆ ಕೊಟ್ಟ ಪತ್ರವನ್ನು ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡದ ಮಾಲೀಕರ ಮುಂದೆ ಇಟ್ಟಾಗ, ಅಥವಾ ಮೇಸ್ತ್ರಿ ಮತ್ತು ಕೆಲಸಗಾರರೆಲ್ಲ ಬದಲಾದ ಮೇಲೂ ಅದೇ ಪತ್ರವನ್ನು ತೋರಿಸಿದಾಗ, ಓದುವವರು ದಾರಿತಪ್ಪುವ ಸಾಧ್ಯತೆ ಇದೆ. ದಿನಾಂಕ, ಕಟ್ಟಡದ ಅಳತೆ, ಗುತ್ತಿಗೆಯ ಬಗೆ, ಯಾವ ಕೆಲಸ ಯಾರದು ಎಂಬ ವಿವರಗಳಿದ್ದರೆ ಪತ್ರವು ತಾನು ಎಲ್ಲಿಯವರೆಗೆ ಸಾಕ್ಷಿಯೆಂಬುದನ್ನು ತಾನೇ ಹೇಳುತ್ತದೆ.

ಮೂರನೆಯದಾಗಿ, ಪತ್ರದ ಭಾಷೆ ಜಾಮೀನಿನ ಭಾಷೆಯಾಗದಂತೆ ಎಚ್ಚರ ವಹಿಸಬೇಕು. 1872ರ ಭಾರತೀಯ ಕರಾರು ಅಧಿನಿಯಮದ 126ನೆಯ ಕಲಮು ಖಾತರಿ ಕರಾರನ್ನು, ಅಂದರೆ ಒಬ್ಬರು ತಮ್ಮ ಮಾತಿಗೆ ತಪ್ಪಿದಾಗ ಅದನ್ನು ತಾವು ನೆರವೇರಿಸುವುದಾಗಿ ಇನ್ನೊಬ್ಬರು ಒಪ್ಪಿಕೊಳ್ಳುವುದನ್ನು, ವಿವರಿಸುತ್ತದೆ. ಅಂಥ ಕರಾರು ಬಾಯಿಮಾತಿನದೂ ಆಗಿರಬಹುದು, ಬರವಣಿಗೆಯದೂ ಆಗಿರಬಹುದು. ಶಿಫಾರಸು ಪತ್ರ ಅಂಥ ಕರಾರಲ್ಲ. ಆದರೂ ‘ಇವರ ಕೆಲಸಕ್ಕೆ ನಾವೇ ಹೊಣೆ’, ‘ಏನಾದರೂ ಆದರೆ ನಾವು ನೋಡಿಕೊಳ್ಳುತ್ತೇವೆ’ ಎಂದು ಅಭಿಮಾನದಿಂದ ಬರೆದ ಸಾಲುಗಳು ಮುಂದೆ ವ್ಯಾಜ್ಯ ಬಂದಾಗ ಬೇಡದ ಚರ್ಚೆಗೆ ಎಡೆಮಾಡಿಕೊಡುತ್ತವೆ. ನಡೆದದ್ದನ್ನು ಭೂತಕಾಲದಲ್ಲಿ ಹೇಳಿ, ಮುಂದಿನದನ್ನು ಕುರಿತು ಭರವಸೆ ಕೊಡದಿರುವುದು ಇದಕ್ಕೆ ಸರಳ ಪರಿಹಾರ.

ಪತ್ರದಲ್ಲಿ ಬೇಡವಾದ ಸಂಗತಿಗಳೂ ಇವೆ. ಚದರಕ್ಕೆ ಕೊಟ್ಟ ದರವನ್ನು ಬರೆದರೆ, ಕೂಲಿ ಏರಿದ ಮೇಲೂ ಮುಂದಿನವರು ಅದೇ ದರಕ್ಕೆ ಪಟ್ಟುಹಿಡಿಯುವಂತಾಗಿ ಗುತ್ತಿಗೆದಾರರಿಗೆ ತೊಂದರೆಯಾಗುತ್ತದೆ. ಗುತ್ತಿಗೆದಾರರ ಆಧಾರ್ ಸಂಖ್ಯೆ, ಮನೆಯ ಕಷ್ಟಸುಖ, ಜಾತಿ, ಊರಿನ ರಾಜಕೀಯ ಇವಕ್ಕೂ ಕೆಲಸದ ಗುಣಕ್ಕೂ ಸಂಬಂಧವಿಲ್ಲ. ಮಾಲೀಕರ ದೂರವಾಣಿ ಸಂಖ್ಯೆ ಎಷ್ಟು ಕೈಗಳಿಗೆ ಹೋಗಬಹುದೆಂಬುದನ್ನು ಯೋಚಿಸಿಯೇ ಅದನ್ನು ಕೊಡಬೇಕು. ಬೇಡವೆನಿಸಿದರೆ, ಗುತ್ತಿಗೆದಾರರು ಮೊದಲು ಕೇಳಿ ಆಮೇಲೆ ಸಂಖ್ಯೆ ಕೊಡುವ ಏರ್ಪಾಡನ್ನು ಅವರೊಡನೆ ಮಾಡಿಕೊಳ್ಳಬಹುದು.

ಬರೆದು ಮುಗಿದ ಪತ್ರವನ್ನು ಸಹಿ ಹಾಕುವ ಮುನ್ನ ಗುತ್ತಿಗೆದಾರರಿಗೆ ಒಮ್ಮೆ ಓದಿ ಹೇಳುವುದು ಉಚಿತ. ಬೇರೆಯವರ ಕೆಲಸ ಇವರ ಹೆಸರಿಗೆ ಸೇರಿದ್ದರೆ, ದಿನಾಂಕ ತಪ್ಪಿದ್ದರೆ ಆಗ ಗೊತ್ತಾಗುತ್ತದೆ, ತೇವದ ಪ್ಯಾರಾವನ್ನು ಏಕೆ ಸೇರಿಸಲಾಗಿದೆ ಎಂಬುದನ್ನು ಅವರಿಗೆ ವಿವರಿಸಲೂ ಅವಕಾಶ ಸಿಗುತ್ತದೆ. ಅನಂತರ ಪತ್ರವನ್ನು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ: ಗುತ್ತಿಗೆದಾರರ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ, ಆ ಸಾಲುಗಳು ಊರಿನ ಇನ್ನೊಬ್ಬ ಗುತ್ತಿಗೆದಾರರಿಗೂ ಹೊಂದುವಂತಿದ್ದರೆ ಅವನ್ನು ಹೊಡೆದುಹಾಕಿ, ಅವುಗಳ ಜಾಗದಲ್ಲಿ ನಡೆದ ಒಂದು ಸಂಗತಿಯನ್ನು ಬರೆಯಬೇಕು. ಸಹಿ ಮಾಡಿದ ಮೂಲ ಪತ್ರವನ್ನು ಗುತ್ತಿಗೆದಾರರಿಗೆ ಕೊಟ್ಟು, ಒಂದು ಪ್ರತಿಯನ್ನು ಕರಾರು ಪತ್ರದ ಜೊತೆಗೆ ಇಟ್ಟುಕೊಂಡರೆ, ಮುಂದೊಂದು ದಿನ ಅಪರಿಚಿತರು ಕರೆಮಾಡಿ ವಿಚಾರಿಸಿದಾಗ ಬಾಯಿಮಾತಿನ ಉತ್ತರವೂ ಬರೆದುಕೊಟ್ಟ ಮಾತೂ ಒಂದಕ್ಕೊಂದು ತಾಳೆಯಾಗುತ್ತವೆ.